ಬಿಲ್ ಕಳ್ದೋಗೈತಿ ಗುರು!

ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಎದುರಿನ ಪುಟ್ಟ ಅಂಗಡಿಯವರೆಗೆ, ಹಳೇ ಫೋನ್ ಮಾರುವವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ಒಂದೂ ಸ್ಕ್ರಾಚ್ ಇಲ್ಲ ನೋಡಿ.’ ಕೊಳ್ಳುವವರೂ ಅದನ್ನೇ ನೋಡುತ್ತಾರೆ. ಫೋನನ್ನು ತಿರುಗಿಸಿ ಮುರುಗಿಸಿ, ಬೆಳಕಿಗೆ ಹಿಡಿದು, ಅಂಗಿಗೆ ಒರೆಸಿ ಮತ್ತೊಮ್ಮೆ ನೋಡಿ, ಚೌಕಾಸಿಗೆ ಇಳಿಯುತ್ತಾರೆ. ವಾಸ್ತವದಲ್ಲಿ ಗೀರು ಬಿದ್ದ ಫೋನಿನಿಂದ ಯಾರಿಗೂ ನಷ್ಟವಾಗುವುದಿಲ್ಲ. ನಷ್ಟವಾಗುವುದು ಫಳಫಳ ಹೊಳೆಯುವ ಫೋನು ಕದ್ದ ಮಾಲಾಗಿದ್ದಾಗ, ಅದರ ಬ್ಯಾಟರಿ ಸತ್ತಿದ್ದಾಗ ಅಥವಾ ಆ ಹೊಳಪಿನ ಗಾಜು ಮೊನ್ನೆಯಷ್ಟೇ ಹಾಕಿದ ಅಗ್ಗದ ಡಿಸ್‌ಪ್ಲೇ ಆಗಿದ್ದಾಗ.

ಇವನ್ನೆಲ್ಲ ಪತ್ತೆ ಹಚ್ಚಲು ಮೆಕ್ಯಾನಿಕ್ ಆಗಬೇಕಿಲ್ಲ. ಅರ್ಧ ಗಂಟೆ ಸಮಯ, ಇಂಟರ್ನೆಟ್ ಇರುವ ಇನ್ನೊಂದು ಫೋನು ಮತ್ತು ಸ್ವಲ್ಪ ಮೊಂಡುತನ ಸಾಕು. ಒಂದು ಉದಾಹರಣೆಯನ್ನೇ ಇಟ್ಟುಕೊಂಡು ನೋಡೋಣ. ದಾವಣಗೆರೆಯ ಡಿಪ್ಲೊಮಾ ವಿದ್ಯಾರ್ಥಿಯೊಬ್ಬ ಜಾಹೀರಾತು ನೋಡಿ ಐಫೋನ್ 13 ಕೊಳ್ಳಲು ಹೊರಟಿದ್ದಾನೆ ಎಂದುಕೊಳ್ಳಿ. ಹೇಳಿದ ಬೆಲೆ ಅಂಗಡಿಗಳ ಹಳೇ ಫೋನಿನ ದರಕ್ಕಿಂತ ನಾಲ್ಕೈದು ಸಾವಿರ ಕಡಿಮೆ. ‘ಬ್ಯಾಟರಿ ಹೆಲ್ತ್ 100’ ಎಂದು ಜಾಹೀರಾತಿನಲ್ಲೇ ದಪ್ಪಕ್ಷರದಲ್ಲಿದೆ.

‘ಬಿಲ್ ಐತೇನಣ್ಣ?’

‘ಬಿಲ್ ಕಳ್ದೋಗೈತಿ ಗುರು. ಮನಿ ಶಿಫ್ಟ್ ಮಾಡುವಾಗ ಬಾಕ್ಸೂ ಹೋತು. ಫೋನ್ ಮಾತ್ರ ಜಬರ್ದಸ್ತ್ ಐತಿ, ತಗಂಡು ನೋಡು.’

ಬಿಲ್ ಕಳೆದುಹೋಗುವುದು ಅಪರೂಪವೇನಲ್ಲ. ನಮ್ಮ ಮನೆಗಳಲ್ಲಿ ನಾಲ್ಕು ವರ್ಷ ಹಿಂದಿನ ಮೊಬೈಲ್ ಬಿಲ್ಲನ್ನು ಜೋಪಾನ ಮಾಡಿದವರು ಎಷ್ಟು ಮಂದಿ? ಹಾಗಾಗಿ ಬಿಲ್ ಇಲ್ಲವೆಂದ ಮಾತ್ರಕ್ಕೆ ಎದುರಿಗಿರುವವನು ಕಳ್ಳನಲ್ಲ. ಆದರೆ ಬಿಲ್ ಹೇಳಬೇಕಾದ ಸಂಗತಿಯನ್ನು ಈಗ ಫೋನೇ ಹೇಳಬೇಕು. ಅದನ್ನು ಹೇಳಿಸುವುದು ಹದಿನೈದು ಅಂಕಿಗಳ ಒಂದು ಸಂಖ್ಯೆ, ಐಎಂಇಐ.

ಗಾಡಿಗೆ ಚಾಸಿ ನಂಬರ್ ಇದ್ದ ಹಾಗೆ ಫೋನಿಗೆ ಐಎಂಇಐ. ಸಿಮ್ ಬದಲಾದರೂ ಮಾಲೀಕ ಬದಲಾದರೂ ಅದು ಬದಲಾಗಬಾರದು. ಮೊದಲ ಎಂಟು ಅಂಕಿಗಳು ಯಾವ ಕಂಪನಿಯ ಯಾವ ಮಾದರಿ ಎಂಬುದನ್ನು ಹೇಳುತ್ತವೆ. ಮುಂದಿನ ಆರು ಆ ಒಂದು ಫೋನಿಗೇ ಸೇರಿದ ಕ್ರಮಸಂಖ್ಯೆ. ಕೊನೆಯ ಒಂದು ಅಂಕಿ ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಬರುವ ತಾಳೆ ಅಂಕಿ. ಮನಸ್ಸಿಗೆ ಬಂದ ಹದಿನೈದು ಅಂಕಿ ಒತ್ತಿದರೆ ಸಾಮಾನ್ಯವಾಗಿ ಈ ತಾಳೆ ತಪ್ಪಿ ಸುಳ್ಳು ಬಯಲಾಗುತ್ತದೆ. ಆದರೆ ನಕಲು ಮಾಡುವವರು ಅಂಕಿಗಳನ್ನು ಕಲ್ಪಿಸಿಕೊಳ್ಳುವುದಿಲ್ಲ, ಇನ್ನೊಂದು ಅಸಲಿ ಫೋನಿನ ಸಂಖ್ಯೆಯನ್ನೇ ಎತ್ತಿ ಕೂರಿಸುತ್ತಾರೆ. ಆಗ ತಾಳೆ ಸರಿಯಾಗಿಯೇ ಬರುತ್ತದೆ.

ಇದು ಎಷ್ಟು ದೊಡ್ಡದಾಗಿ ನಡೆಯಬಹುದು ಎಂಬುದು 2020ರ ಜೂನ್‌ನಲ್ಲಿ ಉತ್ತರ ಪ್ರದೇಶದ ಮೀರತ್‌ನಲ್ಲಿ ಬೆಳಕಿಗೆ ಬಂತು. ರಿಪೇರಿಯಾಗಿ ಬಂದ ತಮ್ಮ ಫೋನ್ ಸರಿಯಾಗಿ ನಡೆಯುತ್ತಿಲ್ಲ ಎಂದು ಪೊಲೀಸ್ ಸಿಬ್ಬಂದಿಯೊಬ್ಬರು ಸೈಬರ್ ವಿಭಾಗಕ್ಕೆ ಪರೀಕ್ಷೆಗೆ ಕೊಟ್ಟಿದ್ದರು. ಅದರ ಐಎಂಇಐ ಬೆನ್ನುಹತ್ತಿ ಹೋದಾಗ, ದೇಶದಾದ್ಯಂತ 13,500ಕ್ಕೂ ಹೆಚ್ಚು ಫೋನ್‌ಗಳು ಅದೇ ಒಂದು ಸಂಖ್ಯೆಯಲ್ಲಿ ಓಡುತ್ತಿರುವುದು ಕಂಡಿತು. ಅವುಗಳಲ್ಲೊಂದು ಕಳುವಾದರೆ ಯಾವುದನ್ನು ಹುಡುಕುವುದು, ಯಾವುದನ್ನು ಬಂದ್ ಮಾಡುವುದು?

ನಮ್ಮ ವಿದ್ಯಾರ್ಥಿ ಮೊದಲು ಮಾಡಬೇಕಾದ ಕೆಲಸ ಸುಲಭದ್ದು. ಮಾರುವವನ ಫೋನಿನ ಡಯಲ್ ಪ್ಯಾಡ್‌ನಲ್ಲಿ `*#06#` ಒತ್ತಬೇಕು. ಕರೆ ಬಟನ್ ಒತ್ತುವುದೂ ಬೇಡ, ಸಂಖ್ಯೆ ತಾನಾಗಿ ಪರದೆಗೆ ಬರುತ್ತದೆ. ಎರಡು ಸಿಮ್‌ನ ಫೋನಾದರೆ ಎರಡು ಐಎಂಇಐ ಇರುತ್ತವೆ. ಎರಡನ್ನೂ ಬರೆದುಕೊಳ್ಳಬೇಕು, ಏಕೆಂದರೆ ಕಳೆದುಕೊಂಡವರು ದೂರು ಕೊಡುವಾಗ ಒಂದನ್ನೇ ಬರೆಸಿರಬಹುದು. ಜಾಹೀರಾತಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಮಾರುವವನು ಕಳಿಸಿದ ಸ್ಕ್ರೀನ್‌ಶಾಟ್ ಇದಕ್ಕೆ ಸಮವಲ್ಲ. ಅದು ಬೇರೆ ಫೋನಿನದಿರಬಹುದು. ಹಾಗೆಯೇ, ಮುಖ ನೋಡದ ಗಿರಾಕಿಗೆ ಐಎಂಇಐ ಕಳಿಸಲು ಮಾರುವವನು ಹಿಂಜರಿದರೆ ಅದರಲ್ಲಿ ತಪ್ಪೂ ಇಲ್ಲ. ಆ ಸಂಖ್ಯೆಯನ್ನು ನಕಲಿಗೆ ಬಳಸುವವರು ಇದ್ದಾರೆ. ಎದುರಿಗೆ ಕೂತಾಗಲೂ ತೋರಿಸಲು ಒಲ್ಲೆನೆಂದರೆ ಮಾತ್ರ ಎದ್ದು ಬರಬೇಕು.

ಸಂಖ್ಯೆ ಸಿಕ್ಕಿತು. ಈಗ ಅದನ್ನು ಸರ್ಕಾರದ ದಾಖಲೆಯಲ್ಲಿ ನೋಡಬೇಕು. ಕಳೆದುಹೋದ, ಕಳುವಾದ ಫೋನ್‌ಗಳ ಐಎಂಇಐಗಳನ್ನು ಎಲ್ಲ ಮೊಬೈಲ್ ಕಂಪನಿಗಳ ಜಾಲದಲ್ಲೂ ಒಟ್ಟಿಗೆ ಬಂದ್ ಮಾಡುವ ಸಿಇಐಆರ್ ಎಂಬ ಕೇಂದ್ರ ವ್ಯವಸ್ಥೆಯನ್ನು ದೂರಸಂಪರ್ಕ ಇಲಾಖೆ ನಡೆಸುತ್ತದೆ. 2019ರಲ್ಲಿ ಮಹಾರಾಷ್ಟ್ರದ ಕಡೆ ಪ್ರಾಯೋಗಿಕವಾಗಿ ಆರಂಭವಾದ ಇದು 2023ರ ಮೇ 16ರಂದು ‘ಸಂಚಾರ ಸಾಥಿ’ ಪೋರ್ಟಲ್‌ನ ಭಾಗವಾಗಿ ಇಡೀ ದೇಶಕ್ಕೆ ತೆರೆದುಕೊಂಡಿತು. ಕರ್ನಾಟಕ ಪೊಲೀಸರು ಇದನ್ನು ಬಳಸಿ 2,500ಕ್ಕೂ ಹೆಚ್ಚು ಫೋನ್‌ಗಳನ್ನು ಹುಡುಕಿ ಮಾಲೀಕರಿಗೆ ಮರಳಿಸಿದ್ದಾರೆಂದು ಆ ಹೊತ್ತಿಗೆ ಕೇಂದ್ರ ಸರ್ಕಾರವೇ ಹೇಳಿತ್ತು.

ಕೊಳ್ಳುವವರಿಗೆ ಇದರಲ್ಲಿ ಬೇಕಾದದ್ದು ‘ನೋ ಯುವರ್ ಮೊಬೈಲ್’ ಎಂಬ ಸೌಲಭ್ಯ. sancharsaathi.gov.in ತಾಣದಲ್ಲಾಗಲಿ, 2025ರ ಜನವರಿಯಲ್ಲಿ ಬಂದ ಸಂಚಾರ ಸಾಥಿ ಆ್ಯಪ್‌ನಲ್ಲಾಗಲಿ ಐಎಂಇಐ ಹಾಕಿ ನೋಡಬಹುದು. ಇಂಟರ್ನೆಟ್ ಇಲ್ಲದಿದ್ದರೆ ಎಸ್ಸೆಮ್ಮೆಸ್ ಸಾಕು. ಮೂರು ಅಕ್ಷರ, ಒಂದು ಜಾಗ, ಹದಿನೈದು ಅಂಕಿ, ಹೀಗೆ ಬರೆದು 14422ಕ್ಕೆ ಕಳಿಸಬೇಕು:

```
KYM 490154203237518
```

ಇಲ್ಲಿರುವ ಸಂಖ್ಯೆ ಮಾದರಿಗಷ್ಟೇ. ಕೊಳ್ಳುವ ಫೋನಿನ ಸಂಖ್ಯೆಯನ್ನು ಅದರ ಜಾಗದಲ್ಲಿ ಹಾಕಿ ಕಳಿಸಿದರೆ ಕಂಪನಿ, ಮಾದರಿ ಮತ್ತು ಆ ಐಎಂಇಐನ ಸ್ಥಿತಿ ಉತ್ತರವಾಗಿ ಬರುತ್ತವೆ. ಸ್ಥಿತಿ ‘ಬ್ಲ್ಯಾಕ್‌ಲಿಸ್ಟೆಡ್’, ‘ಡ್ಯೂಪ್ಲಿಕೇಟ್’ ಅಥವಾ ‘ಆಲ್ರೆಡಿ ಇನ್ ಯೂಸ್’ ಎಂದಿದ್ದರೆ ಆ ಫೋನನ್ನು ಕೊಳ್ಳಬೇಡಿ ಎಂಬುದು ಇಲಾಖೆಯದೇ ಸೂಚನೆ. ಜನ ಸ್ಥಿತಿಯ ಸಾಲನ್ನು ಮಾತ್ರ ಓದಿ ಮಾದರಿಯ ಹೆಸರನ್ನು ಬಿಟ್ಟುಬಿಡುತ್ತಾರೆ. ಕೈಯಲ್ಲಿ ಐಫೋನ್ 13, ಉತ್ತರದಲ್ಲಿ ಯಾವುದೋ ಅಗ್ಗದ ಆಂಡ್ರಾಯ್ಡ್ ಹೆಸರು! ಸ್ಥಿತಿ ಸರಿಯಿದ್ದರೂ ಅಲ್ಲಿಗೆ ವ್ಯವಹಾರ ಮುಗಿಯಿತು. ಐಎಂಇಐ ತಿದ್ದಿದ ಫೋನ್‌ಗಳೂ, ಹೊರಗೆ ಅಸಲಿಯಂತೆ ಕಾಣುವ ನಕಲಿ ಫೋನ್‌ಗಳೂ ಸಿಕ್ಕಿಬೀಳುವುದು ಹೆಚ್ಚಾಗಿ ಈ ಸಾಲಿನಲ್ಲೇ.

ಬಾಕ್ಸ್ ಇದ್ದರೆ ಅದರ ಮೇಲಿನ ಸಂಖ್ಯೆಯನ್ನೂ ಪರದೆಯಲ್ಲಿ ಬಂದದ್ದನ್ನೂ ಕೊನೆಯ ಅಂಕಿಯವರೆಗೆ ಹೋಲಿಸಬೇಕು. ಐಫೋನ್ 13ರಲ್ಲಿ ಸಿಮ್ ಟ್ರೇ ಮೇಲೂ ಐಎಂಇಐ ಸಣ್ಣಗೆ ಕೊರೆದಿರುತ್ತದೆ. ಟ್ರೇ ಮೇಲೆ ಬೇರೆ ಸಂಖ್ಯೆ ಇದ್ದರೆ ಟ್ರೇಯನ್ನಷ್ಟೇ ಬದಲಿಸಿರುವ ಸಾಧ್ಯತೆಯೂ ಇದೆ, ಬೇರೆ ಫೋನಿನ ಬೋರ್ಡನ್ನು ಈ ಕವಚಕ್ಕೆ ಕೂರಿಸಿರುವ ಸಾಧ್ಯತೆಯೂ ಇದೆ. ಯಾವುದೆಂದು ಪಾರ್ಕಿನ ಬೆಂಚಿನ ಮೇಲೆ ಕೂತು ತೀರ್ಮಾನಿಸಲು ಆಗುವುದಿಲ್ಲ. ಫೋನು ಒಮ್ಮೆಯಾದರೂ ಬಿಚ್ಚಿಸಿಕೊಂಡಿದೆ ಎಂಬ ಅನುಮಾನ ಇಟ್ಟುಕೊಂಡು ಮುಂದಿನ ಪರೀಕ್ಷೆಗಳಿಗೆ ಹೋಗಬೇಕು.

ಇಲ್ಲೊಂದು ಮಿತಿಯನ್ನು ಮರೆಯಬಾರದು. ಕಳುವಾದದ್ದೆಂದು ಸಿಇಐಆರ್ ದಾಖಲೆಗೆ ಸೇರುವುದು ದೂರು ಬಂದ ಫೋನ್‌ಗಳು ಮಾತ್ರ. ನಿನ್ನೆ ರಾತ್ರಿ ಬಸ್ಸಿನಲ್ಲಿ ಫೋನ್ ಕಳೆದುಕೊಂಡವರು ಠಾಣೆಗೆ ಹೋಗುವುದು ನಾಳೆ ಇರಬಹುದು, ಮುಂದಿನ ವಾರವೂ ಇರಬಹುದು. ಇವತ್ತಿನ ‘ಸರಿಯಿದೆ’ ಎಂಬ ಉತ್ತರ ಇವತ್ತಿನ ಮಟ್ಟಿಗೆ ಅಷ್ಟೇ. ಅದು ಮಾಲೀಕತ್ವದ ಪತ್ರವಲ್ಲ. ಬಂದ್ ಆದ ಫೋನಿಗೆ ಯಾರಾದರೂ ಸಿಮ್ ಹಾಕಿದರೆ ಯಾವ ನಂಬರಿನ ಸಿಮ್ ಎಂಬ ಮಾಹಿತಿ ಪೊಲೀಸರಿಗೆ ಹೋಗುತ್ತದೆ. ಕದ್ದವನು ಎಂದೋ ಕೈತೊಳೆದುಕೊಂಡಿರುತ್ತಾನೆ. ಕರೆ ಬರುವುದು ಕೊನೆಗೆ ಕೊಂಡವನಿಗೆ.

ಮೊದಲ ಹಂತ ದಾಟಿತು ಎಂದುಕೊಳ್ಳೋಣ. ಈಗ ಜಾಹೀರಾತಿನ ಆ ‘100’.

ಲಿಥಿಯಂ ಅಯಾನ್ ಬ್ಯಾಟರಿ ಬಳಸಿದಷ್ಟೂ ಕುಗ್ಗುತ್ತದೆ. ಪ್ರತಿ ಸಲ ಚಾರ್ಜ್ ಆಗಿ ಇಳಿಯುವಾಗಲೂ ಒಳಗಿನ ಲಿಥಿಯಂನ ಒಂದಿಷ್ಟು ಪಾಲು ರಾಸಾಯನಿಕ ಕ್ರಿಯೆಗಳಲ್ಲಿ ಸಿಕ್ಕಿಕೊಂಡು ಮತ್ತೆ ಕೆಲಸಕ್ಕೆ ಬಾರದಂತಾಗುತ್ತದೆ. ಬಿಸಿಲಿನ ತಾಪ, ರಾತ್ರಿಯಿಡೀ ಪೂರ್ತಿ ಚಾರ್ಜ್‌ನಲ್ಲಿಡುವ ಅಭ್ಯಾಸ ಇದನ್ನು ಬೇಗ ಮಾಡಿಸುತ್ತವೆ. ಒಟ್ಟು ನೂರು ಶೇಕಡಾ ಚಾರ್ಜ್ ಬಳಸಿದರೆ ಒಂದು ಸೈಕಲ್. ಇವತ್ತು 60, ನಾಳೆ 40 ಖರ್ಚಾದರೆ ಎರಡು ದಿನಕ್ಕೆ ಒಂದು. ಐಫೋನ್ 14 ಮತ್ತು ಅದಕ್ಕಿಂತ ಹಳೆಯ ಮಾದರಿಗಳ ಬ್ಯಾಟರಿ 500 ಸೈಕಲ್ ಮುಗಿದಾಗ 80 ಶೇಕಡಾ ಸಾಮರ್ಥ್ಯ ಉಳಿಸಿಕೊಳ್ಳುವಂತೆ ರೂಪಿಸಲಾಗಿದೆ ಎಂದು ಆ್ಯಪಲ್ ಹೇಳುತ್ತದೆ. ಐಫೋನ್ 15ರಿಂದ ಅದು 1,000 ಸೈಕಲ್‌ಗೆ ಏರಿದೆ. ಸಾಮಾನ್ಯ ಲೆಕ್ಕದಲ್ಲಿ 80ರ ಕೆಳಗೆ ಬಂದ ಬ್ಯಾಟರಿ ಬದಲಿಸುವ ಹಂತಕ್ಕೆ ಬಂದಿದೆ ಎಂದರ್ಥ.

ಐಫೋನ್ 13 ಮಾರುಕಟ್ಟೆಗೆ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ವರ್ಷಗಟ್ಟಲೆ ದಿನಾ ಬಳಸಿದ ಫೋನಿನಲ್ಲಿ ಮೂಲ ಬ್ಯಾಟರಿ 82, 85 ತೋರಿಸಿದರೆ ನಂಬಬಹುದು. 100 ತೋರಿಸಿದರೆ? ಅಭಿನಂದಿಸುವ ಮುಂಚೆ ಇನ್ನೊಂದು ಪುಟ ತೆರೆಯಬೇಕು. Settings ಒಳಗೆ General, ಅದರಲ್ಲಿ About. ಬ್ಯಾಟರಿ, ಡಿಸ್‌ಪ್ಲೇ ಅಥವಾ ಕ್ಯಾಮೆರಾ ಬದಲಾಗಿದ್ದರೆ ಅಲ್ಲಿ Parts and Service History ಎಂಬ ಭಾಗ ಕಾಣುತ್ತದೆ. ಅಸಲಿ ಭಾಗ ಹಾಕಿಸಿದ್ದರೆ Genuine Apple Part, ಗುರುತು ಸಿಗದ ಭಾಗವಾದರೆ Unknown Part. ಏನೂ ಬದಲಾಗದ ಫೋನಿನಲ್ಲಿ ಈ ಭಾಗವೇ ಇರುವುದಿಲ್ಲ.

ಈಗ ಎರಡು ಪುಟಗಳನ್ನೂ ಒಟ್ಟಿಗೆ ಓದಬೇಕು. ಬ್ಯಾಟರಿ 100, ಪಕ್ಕದಲ್ಲಿ Genuine Apple Part ಎಂದಿದ್ದರೆ ಸಂತೋಷ, ಯಾರೋ ದುಡ್ಡು ಕೊಟ್ಟು ಹೊಸದು ಹಾಕಿಸಿದ್ದಾರೆ. Unknown Part ಎಂದಿದ್ದರೆ ಹೊರಗಿನ ಬ್ಯಾಟರಿ. ಅದರ ಗುಣಮಟ್ಟ ಅಂಗಡಿಯವನಿಗೇ ಗೊತ್ತು. ಬ್ಯಾಟರಿ 100 ಇದೆ, ಬದಲಾವಣೆಯ ದಾಖಲೆಯೇ ಇಲ್ಲ ಎಂದರೆ ಮಾತ್ರ ಕಿವಿ ನೆಟ್ಟಗಾಗಬೇಕು. ನಾಲ್ಕು ವರ್ಷ ಹಳೆಯ ಬ್ಯಾಟರಿ ಕುಗ್ಗಲೇ ಇಲ್ಲ ಎಂದು ಫೋನು ಹೇಳುತ್ತಿದೆ, ಅದು ಸಾಧ್ಯವಿಲ್ಲ. ಹಾಗಾದರೆ ಆದದ್ದೇನು? ಬ್ಯಾಟರಿಯ ತಲೆಯಲ್ಲಿರುವ ಪುಟ್ಟ ಸರ್ಕ್ಯೂಟ್ ಚಿಪ್ಪೇ ಸಾಮರ್ಥ್ಯದ ಲೆಕ್ಕ ಇಡುವುದು. ಮೂಲ ಬ್ಯಾಟರಿಯಿಂದ ಆ ಸರ್ಕ್ಯೂಟನ್ನು ಕತ್ತರಿಸಿ ಅಗ್ಗದ ಹೊಸ ಸೆಲ್‌ಗೆ ಬೆಸೆದರೆ ಫೋನಿಗೆ ಬದಲಾದದ್ದು ಗೊತ್ತಾಗುವುದಿಲ್ಲ. ಅದರೊಳಗಿನ ಅಂಕಿಯನ್ನು ತಿದ್ದಿ 100 ಮಾಡುವ ಸಣ್ಣ ಯಂತ್ರಗಳೂ ರಿಪೇರಿ ಮಾರುಕಟ್ಟೆಯಲ್ಲಿವೆ. ಹಾಗಾಗಿ ಹಳೇ ಫೋನಿನಲ್ಲಿ 100ಕ್ಕಿಂತ 84 ಹೆಚ್ಚು ನಂಬಿಕಸ್ಥ ಅಂಕಿ ಎಂದರೆ ತಮಾಷೆಯಲ್ಲ.

ಐಫೋನ್ 15ರಿಂದ ಮುಂದಿನವುಗಳಲ್ಲಿ ಸೈಕಲ್ ಸಂಖ್ಯೆ, ಬ್ಯಾಟರಿ ತಯಾರಾದ ತಿಂಗಳು, ಮೊದಲು ಬಳಸಿದ ತಿಂಗಳು ಎಲ್ಲವೂ ಅಲ್ಲೇ ಕಾಣುವುದರಿಂದ ಈ ತಾಳೆ ಇನ್ನೂ ಸುಲಭ. ಆಂಡ್ರಾಯ್ಡ್ ಲೋಕದಲ್ಲಿ ಇಷ್ಟು ಏಕರೂಪತೆ ಇಲ್ಲ. ಪಿಕ್ಸೆಲ್ 8ಎ ಮತ್ತು ನಂತರದ ಪಿಕ್ಸೆಲ್‌ಗಳಲ್ಲಿ ಬ್ಯಾಟರಿ ಸೆಟ್ಟಿಂಗ್ ಒಳಗೇ ಶೇಕಡಾವಾರು ಸಿಗುತ್ತದೆ. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್‌ನ ಪರೀಕ್ಷೆಗಳಲ್ಲಿ ಬ್ಯಾಟರಿಯ ಸ್ಥಿತಿ ಬರುತ್ತದೆ. ಅಗ್ಗದ ಹಳೆಯ ಮಾದರಿಗಳಲ್ಲಿ ಏನೂ ಸಿಗದೇ ಇರಬಹುದು. ಪ್ಲೇಸ್ಟೋರ್‌ನಿಂದ ಆ್ಯಪ್ ಇಳಿಸಿ ಅಳೆಯುತ್ತೇನೆಂದರೆ ಅಂಥವು ಹಲವು ಸಲ ಚಾರ್ಜ್ ಮಾಡಿದ ಮೇಲಷ್ಟೇ ನಂಬಬಹುದಾದ ಅಂದಾಜು ಕೊಡುತ್ತವೆ. ಬೆಂಚಿನ ಮೇಲೆ ಕೂತವರಿಗೆ ಅದರಿಂದ ಪ್ರಯೋಜನವಿಲ್ಲ.

ಯಾವ ಫೋನಿಗೂ ಸಲ್ಲುವ ಒಂದು ಒರಟು ಪರೀಕ್ಷೆ ಇದೆ. ಚಾರ್ಜ್ 50, 60ರಲ್ಲಿ ಇರುವಾಗ ಪರದೆಯ ಬೆಳಕನ್ನು ಪೂರ್ತಿ ಏರಿಸಿ ಹತ್ತು ನಿಮಿಷ ವಿಡಿಯೊ ರೆಕಾರ್ಡ್ ಮಾಡುವುದು. 4ಕೆ ಇದ್ದರೆ 4ಕೆಯಲ್ಲೇ. ನಾಲ್ಕೈದು ಶೇಕಡಾ ಇಳಿದರೆ ಸಹಜ. ಹತ್ತಕ್ಕಿಂತ ಹೆಚ್ಚು ಇಳಿದರೆ, ಅಥವಾ 47ರಲ್ಲಿದ್ದದ್ದು ಕಣ್ಣೆದುರೇ 39ಕ್ಕೆ ಜಿಗಿದರೆ ಬ್ಯಾಟರಿ ಹೋಗಿದೆ. ಹಳೆಯ ಸೆಲ್‌ನ ಒಳಪ್ರತಿರೋಧ ಹೆಚ್ಚಿರುತ್ತದೆ. ಕ್ಯಾಮೆರಾ, ಫ್ಲ್ಯಾಶ್, ಪ್ರೊಸೆಸರ್ ಒಟ್ಟಿಗೆ ವಿದ್ಯುತ್ ಎಳೆದಾಗ ಅದರ ವೋಲ್ಟೇಜ್ ಕುಸಿಯುತ್ತದೆ. ಚಾರ್ಜ್ 25 ಇದ್ದಾಗಲೇ ಫೋನು ದಿಢೀರನೆ ಆಫ್ ಆಗುವುದೂ ಇದರಿಂದಲೇ. ಇದರ ಜೊತೆಗೇ ಫೋನನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ ಅಂಚುಗಳನ್ನು ಗಮನಿಸಬೇಕು. ಪರದೆ ಅಥವಾ ಹಿಂಬದಿಯ ಮುಚ್ಚಳ ಒಂದು ಕಡೆ ಎದ್ದಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಒತ್ತಿ ಕೂರಿಸಲು ಹೋಗಬಾರದು, ಬೆಂಕಿಯ ಅಪಾಯವಿದೆ. ಎಷ್ಟೇ ಕಡಿಮೆಗೆ ಕೊಟ್ಟರೂ ಅದನ್ನು ಜೇಬಿಗೆ ಹಾಕಿಕೊಂಡು ಬರುವುದು ಬೇಡ.

ಇನ್ನು ಪರದೆ. ಹಳೇ ಫೋನಿನ ವ್ಯಾಪಾರದಲ್ಲಿ ಹೆಚ್ಚು ಮೋಸ ನಡೆಯುವುದೂ, ಕಣ್ಣಿಗೆ ಹೆಚ್ಚು ಸಾಕ್ಷಿ ಸಿಗುವುದೂ ಇಲ್ಲೇ. ರಿಪೇರಿ ಅಂಗಡಿಯವರು ಡಿಸ್‌ಪ್ಲೇ ಮತ್ತು ಟಚ್ ಒಟ್ಟಿಗೆ ಸೇರಿದ ಭಾಗವನ್ನು ‘ಕಾಂಬೊ’ ಅಥವಾ ‘ಫೋಲ್ಡರ್’ ಎನ್ನುತ್ತಾರೆ. ಒಡೆದ ಪರದೆ ತಂದ ಗಿರಾಕಿಯ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ಕಂಪನಿಯ ಅಸಲಿ ಫೋಲ್ಡರ್ ದುಬಾರಿ. ಮೂಲ ಡಿಸ್‌ಪ್ಲೇ ಉಳಿಸಿಕೊಂಡು ಮೇಲಿನ ಗಾಜನ್ನು ಮಾತ್ರ ಬದಲಿಸುವುದು ‘ಗ್ಲಾಸ್ ಚೇಂಜ್’. ಅತಿ ಅಗ್ಗದ್ದು ಕಾಪಿ ಫೋಲ್ಡರ್. ಫೋನು ಮಾರಲೆಂದೇ ರಿಪೇರಿ ಮಾಡಿಸುವವರು ಯಾವುದನ್ನು ಆರಿಸುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಐಫೋನ್ 13ರ ಅಸಲಿ ಪರದೆ ಒಎಲ್‌ಇಡಿ. ಅದರಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಕಪ್ಪು ತೋರಿಸಬೇಕಾದಾಗ ಆ ಚುಕ್ಕಿ ಪೂರ್ತಿ ಆರಿಹೋಗುತ್ತದೆ. ಅಗ್ಗದ ಕಾಪಿಗಳಲ್ಲಿ ಹಲವು ಎಲ್‌ಸಿಡಿ. ಅವಕ್ಕೆ ಹಿಂದಿನಿಂದ ಸದಾ ಒಂದು ದೀಪ ಉರಿಯುತ್ತಲೇ ಇರಬೇಕು. ಪರೀಕ್ಷೆ ಈ ವ್ಯತ್ಯಾಸದಲ್ಲೇ ಇದೆ. ಅಪ್ಪಟ ಕಪ್ಪು ಬಣ್ಣದ ಒಂದು ಚಿತ್ರವನ್ನು ಪರದೆ ತುಂಬ ತೆರೆದು, ಬೆಳಕನ್ನು ಪೂರ್ತಿ ಏರಿಸಿ, ಕತ್ತಲಿರುವ ಮೂಲೆಗೋ ಜಾಕೆಟ್ಟಿನ ಮರೆಗೋ ಒಯ್ದು ನೋಡಬೇಕು. ಒಎಲ್‌ಇಡಿಯಾದರೆ ಫೋನು ಆಫ್ ಆಗಿದೆಯೇನೋ ಎನ್ನುವಷ್ಟು ಕಪ್ಪು. ಬೂದಿಬಣ್ಣದ ಮಂಕು ಬೆಳಕು ಕಂಡರೆ, ಅಂಚಿನಲ್ಲಿ ಬೆಳಕು ಸೋರಿದರೆ ಅದು ಎಲ್‌ಸಿಡಿ, ಅಂದರೆ ಪರದೆ ಬದಲಾಗಿದೆ. ಈ ಪರೀಕ್ಷೆ ಆಂಡ್ರಾಯ್ಡ್‌ಗೂ ಸಲ್ಲುತ್ತದೆ, ಆದರೆ ಆ ಮಾದರಿ ಕಾರ್ಖಾನೆಯಿಂದ ಬರುವಾಗಲೇ ಎಲ್‌ಸಿಡಿಯಾಗಿತ್ತೇ ಎಂದು ಮೊದಲು ತಿಳಿದುಕೊಂಡಿರಬೇಕು. ಇಲ್ಲದಿದ್ದರೆ ಪ್ರಾಮಾಣಿಕ ಮಾರಾಟಗಾರನ ಮೇಲೆ ಸುಮ್ಮನೆ ಆರೋಪ ಹೊರಿಸಿದಂತಾಗುತ್ತದೆ.

ಬೆರಳಚ್ಚು ಓದುವ ಜಾಗ ಪರದೆಯೊಳಗೇ ಇರುವ ಆಂಡ್ರಾಯ್ಡ್ ಫೋನುಗಳಲ್ಲಿ ಇನ್ನೊಂದು ಸೊಗಸಾದ ಸುಳಿವು ಇದೆ. ಆ ಸಂವೇದಕ ಒಎಲ್‌ಇಡಿ ಪರದೆಯ ಕೆಳಗೆ ಕೂತು ಅದರ ಮೂಲಕ ಬೆರಳನ್ನು ನೋಡುತ್ತದೆ. ಎಲ್‌ಸಿಡಿ ಕಾಪಿ ಹಾಕಿದರೆ ಅದಕ್ಕೆ ಏನೂ ಕಾಣುವುದಿಲ್ಲ. ‘ಫಿಂಗರ್‌ಪ್ರಿಂಟ್ ಯಾಕೋ ಅಪ್‌ಡೇಟ್ ಆದ ಮೇಲೆ ಬರ್ತಿಲ್ಲ’ ಎಂದು ಮಾರುವವರು ಹೇಳಿದರೆ ಅಪ್‌ಡೇಟನ್ನು ದೂರುವ ಮುಂಚೆ ಪರದೆಯನ್ನು ಅನುಮಾನಿಸಬೇಕು. ತಾನೇ ಹೊಸದಾಗಿ ಒಂದು ಬೆರಳು ನೋಂದಾಯಿಸಿ ನೋಡುವುದೇ ಸರಿಯಾದ ದಾರಿ.

ನಮ್ಮ ಐಫೋನಿಗೆ ಮರಳೋಣ. ಅಸಲಿಯಲ್ಲದ ಪರದೆ ಹಾಕಿದಾಗ ಟ್ರೂ ಟೋನ್ ಎಂಬ ಆಯ್ಕೆ ಸಾಮಾನ್ಯವಾಗಿ ಮಾಯವಾಗುತ್ತದೆ. Settings ಒಳಗೆ Display & Brightness ತೆರೆದರೆ ಅದು ಇದೆಯೋ ಇಲ್ಲವೋ ತಿಳಿಯುತ್ತದೆ. ಇಲ್ಲದಿದ್ದರೆ ಪರದೆ ಬದಲಾಗಿದೆ ಎಂದೇ ತಿಳಿಯಬಹುದು. ಇದ್ದರೆ ಮಾತ್ರ ಹಾಗೆಯೇ ತಿರುಗಿಸಿ ಹೇಳಲಾಗದು. ಹಳೆಯ ಪರದೆಯ ಮಾಹಿತಿಯನ್ನು ಓದಿ ಹೊಸದಕ್ಕೆ ಬರೆಯುವ ಸಾಧನಗಳೂ ಇವೆ. ಕೈ ಪಳಗಿದ ಕುಶಲಕರ್ಮಿಗಳು ಮೂಲ ಪರದೆಯ ಚಿಪ್ಪನ್ನೇ ಕಿತ್ತು ಕಾಪಿಗೆ ಕೂರಿಸಿ Unknown Part ಎಂಬ ಎಚ್ಚರಿಕೆಯೂ ಬಾರದಂತೆ ಮಾಡುತ್ತಾರೆ. ಆದ್ದರಿಂದ ಸೆಟ್ಟಿಂಗ್‌ನಲ್ಲಿ ಎಲ್ಲ ಸರಿಯಿದ್ದರೂ ಕಪ್ಪು ಚಿತ್ರದ ಪರೀಕ್ಷೆ ಬಿಡಬಾರದು. ಚಿಪ್ ಬದಲಿಸಿ ಫೋನನ್ನು ಯಾಮಾರಿಸಬಹುದು, ಎಲ್‌ಸಿಡಿಯ ಹಿಂದಿನ ದೀಪವನ್ನು ಮಾತ್ರ ಅಡಗಿಸಲಾಗದು.

ಗ್ಲಾಸ್ ಚೇಂಜ್ ಮಾಡಿಸಿದ ಫೋನು ಇವೆಲ್ಲವನ್ನೂ ದಾಟುತ್ತದೆ, ಏಕೆಂದರೆ ಒಳಗಿರುವುದು ಮೂಲ ಡಿಸ್‌ಪ್ಲೇಯೇ. ಅದನ್ನು ಅಂಚಿನಲ್ಲಿ ಹುಡುಕಬೇಕು. ಗಾಜು ಮತ್ತು ಚೌಕಟ್ಟು ಸೇರುವ ಗೆರೆಯಲ್ಲಿ ಉಗುರು ಓಡಿಸಿದರೆ ಎಲ್ಲೋ ಒಂದೆಡೆ ಏರುಪೇರು ಸಿಗುತ್ತದೆ. ಬಿಳಿ ಹಿನ್ನೆಲೆಯಲ್ಲಿ ಓರೆಯಾಗಿ ನೋಡಿದರೆ ಗಾಜಿನಡಿ ಧೂಳಿನ ಕಣ, ಗಾಳಿಗುಳ್ಳೆ, ಒಣಗಿದ ಗಮ್ ಕಾಣಬಹುದು. ಚಾರ್ಜಿಂಗ್ ತೂತಿನ ಅಕ್ಕಪಕ್ಕದ ಎರಡು ಪುಟ್ಟ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಹಾಗೆ ಬಿಚ್ಚಿದ ಫೋನು ನೀರು ತಡೆಯುತ್ತದೆ ಎಂಬ ಭರವಸೆಯನ್ನೂ ಬಿಡಬೇಕು, ಒಳಗಿನ ಅಂಟಿನ ಪಟ್ಟಿಯನ್ನು ಹೊಸದಾಗಿ ಹಾಕದೆ ಮುಚ್ಚುವುದೇ ಹೆಚ್ಚು.

ಮೂಲ ಒಎಲ್‌ಇಡಿಗೂ ವಯಸ್ಸಿನ ಕಾಯಿಲೆಗಳಿವೆ. ಬೂದು ಅಥವಾ ಬಿಳಿ ಚಿತ್ರ ತೆರೆದಾಗ ಕೀಬೋರ್ಡಿನ, ಕೆಳಗಿನ ಬಟನ್‌ಗಳ ಮಬ್ಬು ನೆರಳು ಉಳಿದಿದ್ದರೆ ಅದು ಹೋಗುವುದಿಲ್ಲ. ಮೇಲಿಂದ ಕೆಳಗೆ ಕೂದಲೆಳೆಯಷ್ಟು ಹಸಿರು ಗೆರೆ ಇದ್ದರೂ ಅಷ್ಟೇ. ಟಚ್ ಪರೀಕ್ಷಿಸಲು ಒಂದು ಐಕಾನ್ ಹಿಡಿದು ಪರದೆಯ ಮೂಲೆಮೂಲೆಗೂ ಎಳೆಯಬೇಕು; ನಡುವೆ ಕೈಬಿಟ್ಟ ಜಾಗ ಸತ್ತಿದೆ. ಸ್ಯಾಮ್‌ಸಂಗ್‌ನ ಹಲವು ಮಾದರಿಗಳಲ್ಲಿ `*#0*#` ಒತ್ತಿದರೆ ಬಣ್ಣ, ಟಚ್, ಸ್ಪೀಕರ್ ಪರೀಕ್ಷೆಗಳ ಪಟ್ಟಿಯೇ ತೆರೆದುಕೊಳ್ಳುತ್ತದೆ.

ಪರದೆ ಬದಲಾಗಿದ್ದರೆ ಕೊಳ್ಳಲೇಬಾರದೇ? ಹಾಗೇನಿಲ್ಲ. ಬದಲಾದದ್ದನ್ನು ಮುಚ್ಚಿಡುವುದು ತಪ್ಪೇ ಹೊರತು ಬದಲಿಸುವುದಲ್ಲ. ವಿದ್ಯಾರ್ಥಿ ಅಲ್ಲಿಂದಲೇ ಅಧಿಕೃತ ಸರ್ವಿಸ್ ಸೆಂಟರಿಗೆ ಕರೆಮಾಡಿ ಆ ಮಾದರಿಯ ಪರದೆಗೆ, ಬ್ಯಾಟರಿಗೆ ಎಷ್ಟಾಗುತ್ತದೆ ಎಂದು ಕೇಳಬೇಕು. ಹೇಳಿದ ಬೆಲೆಗೆ ಆ ಎರಡನ್ನೂ ಸೇರಿಸಿದ ಮೇಲೂ ಫೋನು ಅಗ್ಗವೆನಿಸಿದರೆ ಮಾತು ಮುಂದುವರಿಸಬಹುದು. ನಾಲ್ಕೈದು ಸಾವಿರ ಕಡಿಮೆಗೆ ಸಿಕ್ಕಿತೆಂದು ಹಿಗ್ಗಿದ ಫೋನಿಗೆ ಪರದೆಯೊಂದೇ ಅದಕ್ಕಿಂತ ಹೆಚ್ಚು ನುಂಗಿಬಿಡಬಹುದು.

ದುಡ್ಡು ಕೊಡುವ ಮುಂಚೆ ಒಂದು ಕೆಲಸ ಬಾಕಿ. ಮಾರುವವನು ಎದುರಿಗೇ ತನ್ನ ಆ್ಯಪಲ್ ಅಥವಾ ಗೂಗಲ್ ಖಾತೆಯಿಂದ ಹೊರಬಂದು, ಪಾಸ್‌ವರ್ಡ್ ತಾನೇ ಒತ್ತಿ, ಫೋನನ್ನು ಪೂರ್ತಿ ಅಳಿಸಬೇಕು. ಆಮೇಲೆ ಇಂಟರ್ನೆಟ್ ಸಂಪರ್ಕ ಕೊಟ್ಟು, ಕೊಳ್ಳುವವನ ಖಾತೆಯಿಂದಲೇ ಮೊದಲ ಪರದೆಯವರೆಗೆ ಹೊಸದಾಗಿ ಶುರುಮಾಡಬೇಕು. ಕದ್ದ ಫೋನಾಗಿದ್ದರೆ ಇಲ್ಲಿ ಹಳೆಯ ಮಾಲೀಕನ ಪಾಸ್‌ವರ್ಡ್ ಕೇಳುತ್ತದೆ. ಕಂತು ಬಾಕಿಯಿರುವ ಆಂಡ್ರಾಯ್ಡ್ ಫೋನಾಗಿದ್ದರೆ ಸಾಲ ಕೊಟ್ಟ ಸಂಸ್ಥೆಯ ಬೀಗದ ಆ್ಯಪ್ ಮತ್ತೆ ಬಂದು ಕೂರುತ್ತದೆ. ಇಂಟರ್ನೆಟ್ ಕೊಡದೆ ಶುರುಮಾಡಿದರೆ ಇದು ಗೊತ್ತಾಗದೆ ಮನೆಗೆ ಹೋದ ಮೇಲೆ ಫೋನು ಲಾಕ್ ಆಗುತ್ತದೆ. ತನ್ನ ಸಿಮ್ ಹಾಕಿ ಒಂದು ಕರೆ ಮಾಡಿ ನೋಡುವುದೂ ಆಗಲೇ ಆಗಬೇಕು.

ಕೊನೆಗೆ ಕಾಗದ. ಬಿಲ್ ಇಲ್ಲದ ಫೋನಿಗೆ ಒಂದು ಬಿಳಿ ಹಾಳೆಯಾದರೂ ಬೇಕು: ಮಾದರಿ, ಎರಡೂ ಐಎಂಇಐ, ಬೆಲೆ, ದಿನಾಂಕ, ಮಾರಿದವರ ಹೆಸರು ವಿಳಾಸ, ಸಹಿ, ಗುರುತಿನ ಚೀಟಿಯ ಒಂದು ಪ್ರತಿ. ಹಣವನ್ನು ಯುಪಿಐ ಮೂಲಕ ಕೊಟ್ಟರೆ ಯಾರಿಗೆ ಹೋಯಿತು ಎಂಬ ದಾಖಲೆ ಉಳಿಯುತ್ತದೆ. ಇದು ಅತಿ ಎಚ್ಚರಿಕೆಯಲ್ಲ. ಕದ್ದ ಮಾಲೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ಐಎಂಇಐ ತಿದ್ದುವುದಕ್ಕೆ, ತಿದ್ದಿದ್ದೆಂದು ಗೊತ್ತಿದ್ದೂ ಫೋನ್ ಇಟ್ಟುಕೊಳ್ಳುವುದಕ್ಕೆ 2023ರ ದೂರಸಂಪರ್ಕ ಕಾಯಿದೆ ಮೂರು ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಮಾರುಕಟ್ಟೆ ದರಕ್ಕಿಂತ ತೀರಾ ಕಡಿಮೆಗೆ, ಬಿಲ್ಲಿಲ್ಲದೆ, ಹೆಸರೂ ಕೇಳದೆ ಕೊಂಡೆ ಎಂದರೆ ‘ನನಗೇನೂ ಗೊತ್ತಿರಲಿಲ್ಲ’ ಎಂಬ ಮಾತಿಗೆ ಠಾಣೆಯಲ್ಲಿ ಬೆಲೆ ಕಡಿಮೆ.

ಎಲ್ಲ ನೋಡಿ ಕೊಂಡ ಮೇಲೂ ತಿಂಗಳ ನಂತರ ಪೊಲೀಸರಿಂದ ಕರೆ ಬರಬಹುದು. ಆಗ ಆ ಫೋನನ್ನು ಇನ್ನೊಬ್ಬರಿಗೆ ದಾಟಿಸಿ ಕೈತೊಳೆದುಕೊಳ್ಳಲು ಹೋಗಬಾರದು, ಅದು ಹೊಸ ಅಪರಾಧ. ಕರೆ ಮಾಡಿದವರು ನಿಜಕ್ಕೂ ಪೊಲೀಸರೇ ಎಂದು ಹತ್ತಿರದ ಠಾಣೆಯಲ್ಲಿ ವಿಚಾರಿಸಿ, ಫೋನನ್ನು ಅಲ್ಲೇ ಒಪ್ಪಿಸಿ, ಸ್ವೀಕೃತಿ ಪಡೆದು, ಬರೆಸಿಕೊಂಡ ಹಾಳೆ ಮತ್ತು ಯುಪಿಐ ದಾಖಲೆಯ ಪ್ರತಿ ಕೊಡಬೇಕು. ಫೋನು ಅದರ ಮಾಲೀಕರಿಗೆ ಹೋಗುತ್ತದೆ. ಕೊಟ್ಟ ಹಣವನ್ನು ಮಾರಿದವನಿಂದಲೇ ವಸೂಲು ಮಾಡಬೇಕು, ಅದಕ್ಕೆ ಇರುವ ಆಧಾರ ಆ ಒಂದು ಹಾಳೆ. ಸಹಿ ಹಾಕಲು ಮಾರುವವನು ಒಪ್ಪದಿದ್ದರೆ ಫೋನು ಎಷ್ಟೇ ‘ಜಬರ್ದಸ್ತ್’ ಇದ್ದರೂ ಅಲ್ಲೇ ಬಿಟ್ಟು ಬನ್ನಿ.